ಬಂಟಕಲ್ಲಿನಲ್ಲಿ ನಿಂತ ಚುಕ್ಕಿ

ಕರುಣಾಕರಣ್ಣನ ಸ್ಕೂಟರಿಗೆ ಹಾರ್ನ್ ಇರುವುದು ದಾರಿ ಬಿಡಿಸಿಕೊಳ್ಳುವುದಕ್ಕಲ್ಲ. ದಾರಿಯಲ್ಲಿ ಎಮ್ಮೆ ಮಲಗಿದ್ದರೂ ಅವರು ಹಾರ್ನ್ ಹಾಕುವುದಿಲ್ಲ, ಇಳಿದು ಹೋಗಿ ಅದರ ಬೆನ್ನು ತಟ್ಟುತ್ತಾರೆ. ಹಾರ್ನ್ ಇರುವುದು ನಮ್ಮ ಗೇಟುಗಳಿಗೆ. ಗೇಟಿನೆದುರು ಬಂದು ಎರಡು ಸಲ ಚಿಕ್ಕದಾಗಿ ಒತ್ತುತ್ತಾರೆ. ಮೊದಲನೆಯದು ಹೂವಿಗೆ, ಎರಡನೆಯದು ಮನೆಯವರಿಗೆ ಎಂದು ಅವರದೇ ವ್ಯಾಖ್ಯಾನ. ಇಪ್ಪತ್ತೆರಡು ವರ್ಷಗಳಿಂದ ನನ್ನ ಗೇಟಿನಲ್ಲಿ ಎಂಟು ಇಪ್ಪತ್ತಕ್ಕೆ ಆ ಎರಡು ಹಾರ್ನ್ ಕೇಳಿಸುತ್ತಿತ್ತು. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಅದನ್ನು ಕೇಳಿಯೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ನಿವೃತ್ತಳಾದ ಮೇಲೆ ಅದೇ ಹಾರ್ನ್ ಕೇಳಿ ಎರಡನೆಯ ಕಾಫಿಗೆ ನೀರಿಡುತ್ತಿದ್ದೆ.

ನಮ್ಮ ಕಾಪು ಕಡೆಯ ಈ ಊರುಗಳಲ್ಲಿ ಶಂಕರಪುರದ ಮಲ್ಲಿಗೆ ಬೆಳೆಯದ ಅಂಗಳ ಕಡಿಮೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಕುಳಿತು ಬಾಳೆನಾರಿನಲ್ಲಿ ಕಟ್ಟಬೇಕು, ಬಾಳೆಲೆಯಲ್ಲಿ ಸುತ್ತಿ ಗೇಟಿನ ಕೊಕ್ಕೆಗೆ ನೇತುಹಾಕಬೇಕು. ಅದನ್ನು ಮನೆಮನೆಯಿಂದ ಎತ್ತಿಕೊಂಡು, ದಿನದ ಬೆಲೆ ನಿಗದಿಯಾಗುವ ಹೊತ್ತಿಗೆ ಹೂವಿನ ವ್ಯಾಪಾರದ ಕಟ್ಟೆಗೆ ಮುಟ್ಟಿಸುವವರು ಕರುಣಾಕರಣ್ಣ. ಅವರು ಸುತ್ತುವ ಮೂವತ್ತೊಂದು ಮನೆಗಳಿಗೆ 'ಲೈನು' ಎಂದು ಹೆಸರು. ತಪ್ಪಿದರೆ ಹೂವು ಕಾಯುವುದಿಲ್ಲ. ಹತ್ತು ಗಂಟೆಯ ಮೇಲೆ ಅದು ನೆರೆಮನೆಯ ಮಕ್ಕಳ ಜಡೆಗೆ ಹಂಚುವ ವಸ್ತು.

ಅವರ ಪೂರ್ವಾಶ್ರಮ ಬಸ್ಸಿನದು. ಹನ್ನೊಂದು ವರ್ಷ ಕಾಪು–ಶಿರ್ವ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ಎರಡೇ ನಿಮಿಷದ ಅಂತರವಿದ್ದ ಕಾಲ ಅದು. ನಿಮಿಷಕ್ಕೆ ಅಷ್ಟು ಹೆದರುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ಗೇಟಿನಲ್ಲಿ ಹೂವಿಲ್ಲದಿದ್ದರೆ ಹಾರ್ನ್ ಹಾಕಿ ಒಂದು ನಿಮಿಷ ನಿಲ್ಲುತ್ತಾರೆ, ಆಮೇಲೆ ಹೊರಟೇ ಬಿಡುತ್ತಾರೆ, ಮುಂದಿನ ಮನೆಯವರ ಹೂವು ಬಾಡಬಾರದಲ್ಲ. ಇನ್ನೊಂದು ಅಭ್ಯಾಸ ಅವರ ಅಪ್ಪನಿಂದ ಬಂದದ್ದು. ಕೋಣೆಯಿಂದ ಹೊರಗೆ ಬಂದರೆ ದೀಪ ಆರಿಸಬೇಕು. ದೀಪ ಉರಿಯಲು ಬಿಟ್ಟು ಹೊರಬಂದದ್ದಕ್ಕೆ ಚಿಕ್ಕಂದಿನಲ್ಲಿ ಬೆತ್ತದ ರುಚಿ ಕಂಡವರು. ಈಗಲೂ ನಮ್ಮ ಮನೆಯ ಜಗಲಿಯ ಬಲ್ಬು ಹಗಲಲ್ಲಿ ಉರಿಯುತ್ತಿದ್ದರೆ ಕೈ ಚಾಚಿ ಅವರೇ ಆರಿಸಿ ಹೋಗುತ್ತಾರೆ. ಈ ಅಭ್ಯಾಸವನ್ನು ನೆನಪಿಡಿ, ಇದು ಅವರ ಹೊಟ್ಟೆಯ ಮೇಲೆ ಹೊಡೆಯಲಿಕ್ಕಿತ್ತು.

ಹೀಗೆ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದ್ದ ಕೆಲಸವನ್ನು ಸುಧಾರಿಸಬೇಕೆಂದು ನಮ್ಮ ಬೆಳೆಗಾರರ ಕೂಟಕ್ಕೆ ಅನಿಸಿತು. ಕೂಟದ ಕಾರ್ಯದರ್ಶಿ ಓಸ್ವಾಲ್ಡ್, ಕುವೈತಿನಲ್ಲಿ ಇಪ್ಪತ್ತೈದು ವರ್ಷ ಯಾವುದೋ ಗೋದಾಮು ನೋಡಿಕೊಂಡು ಬಂದವರು. ಅಲ್ಲಿ ಪ್ರತಿ ಲಾರಿ ಎಲ್ಲಿದೆ ಎಂದು ಪರದೆಯ ಮೇಲೆ ಕಾಣಿಸುತ್ತಿತ್ತಂತೆ. ಇಲ್ಲಿ ಒಂದು ಸ್ಕೂಟರ್ ಎಲ್ಲಿದೆ ಎಂದು ಕಾಣಿಸುವುದಿಲ್ಲವಲ್ಲ ಎಂಬ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಆ ಕೊರಗಿಗೆ ಮದ್ದು ಅರೆದವಳು ನಾನೇ. ನನ್ನ ಅಣ್ಣನ ಮಗ ವಿನೀತ್ ಮಣಿಪಾಲದಲ್ಲಿ ಇಬ್ಬರು ಗೆಳೆಯರ ಜೊತೆ ಆ್ಯಪ್ ಮಾಡುವ ಕಚೇರಿ ಇಟ್ಟಿದ್ದಾನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನನಗೆ ಮಾತ್ರ ಹಿತ್ತಲ ಗಿಡದ ಬಗ್ಗೆ ಬಹಳ ಹೆಮ್ಮೆ. ಸಭೆಯಲ್ಲಿ ಎದ್ದು ನಿಂತು, "ನಮ್ಮ ವಿನೀತ್ ಪುಕ್ಕಟೆ ಮಾಡಿಕೊಡುತ್ತಾನೆ" ಎಂದುಬಿಟ್ಟೆ. ಹುಡುಗನನ್ನು ಕೇಳಿದ್ದು ಮನೆಗೆ ಬಂದ ಮೇಲೆ.

ಆ್ಯಪಿನ ಹೆಸರು 'ಹೂವೆಲ್ಲಿ'. ಹೆಸರಿಟ್ಟವಳೂ ನಾನೇ. ಕರುಣಾಕರಣ್ಣನ ಫೋನು ಅವರು ಇರುವ ಜಾಗವನ್ನು ಕಳುಹಿಸುತ್ತದೆ, ನಮ್ಮ ಫೋನಿನ ನಕ್ಷೆಯಲ್ಲಿ ಒಂದು ಹಸಿರು ಚುಕ್ಕಿ ಓಡುತ್ತದೆ. ಚುಕ್ಕಿ ಹತ್ತಿರ ಬರುವವರೆಗೂ ಒಳಗೆ ಕುಳಿತು ಇನ್ನಷ್ಟು ಮೊಗ್ಗು ಕಟ್ಟಬಹುದು. ಬಾರದಿದ್ದರೆ ಒತ್ತಲು 'ಬಂದಿಲ್ಲ' ಎಂಬ ಕೆಂಪು ಗುಂಡಿ ಉಂಟು. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಓಸ್ವಾಲ್ಡ್ ಒಂದು ನಿಯಮ ಸೇರಿಸಿದರು. ವಾರಕ್ಕೆರಡು ದಿನ ಆ್ಯಪೇ ತಪಾಸಣೆ ಮಾಡುತ್ತದೆ, ಆ ದಿನ ಲೈನಿನ ಹೊತ್ತಿನಲ್ಲಿ ಅರ್ಧ ಗಂಟೆ ಚುಕ್ಕಿ ಅಲುಗದಿದ್ದರೆ ಅಥವಾ ಯಾವ ದಿನವೇ ಆಗಲಿ ಯಾರಾದರೂ ಕೆಂಪು ಗುಂಡಿ ಒತ್ತಿದರೆ ಒಂದು ಗೈರು. ಮೂರು ಗೈರಾದರೆ ಲೈನು ಶಿರ್ವದ ಪಿಕಪ್ಪಿನವನಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕರುಣಾಕರಣ್ಣನೂ ತಟ್ಟಿದರು, ಗೈರೆಂಬುದು ತನಗೆ ಸಂಬಂಧಪಟ್ಟ ಮಾತು ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಮೊದಲ ವಾರ ಚುಕ್ಕಿ ಚೆನ್ನಾಗಿಯೇ ಓಡಿತು. ಸುಸ್ತಾದವರು ಕರುಣಾಕರಣ್ಣ. ಎಂಟನೆಯ ದಿನ ಗೇಟಿನಲ್ಲಿ ಹೂವು ಎತ್ತಿಕೊಂಡವರು ಹೊರಡದೆ ನಿಂತರು.

"ಟೀಚರೇ, ಒಂದು ಮಾತು. ಈ ಹೂವೆಲ್ಲಿ ಬಂದ ಮೇಲೆ ನನ್ನ ಫೋನಿಗೆ ಜ್ವರ."

"ಜ್ವರವಾ?"

"ಮುಟ್ಟಿ ನೋಡಿ." ಅಂಗಿ ಕಿಸೆಯಿಂದ ತೆಗೆದು ನನ್ನ ಕೈಗಿಟ್ಟರು. ನಿಜಕ್ಕೂ ಆಗತಾನೆ ಒಲೆಯಿಂದ ಇಳಿಸಿದ ಇಡ್ಲಿಯ ಬಿಸಿ. "ಆರು ಗಂಟೆಗೆ ಚಾರ್ಜ್ ಫುಲ್ ಇತ್ತು. ಹತ್ತೂವರೆಗೆ ಸತ್ತು ಹೋಗುತ್ತದೆ. ಕಟ್ಟೆಯಿಂದ ಬೆಲೆ ಹೇಳಲು ಫೋನ್ ಮಾಡಿದರೆ ಸಿಗುವುದಿಲ್ಲ. ಮನೆಯಲ್ಲಿ ಪ್ರಫುಲ್ಲಾ ಫೋನ್ ಮಾಡಿದರೆ ಸ್ವಿಚ್ ಆಫ್. ನಿನ್ನೆ ಅವಳು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೇ ಬಂದಿದ್ದಳು ಮಾರಾಯ್ರೇ, ಎಲ್ಲಿ ಬಿದ್ದಿದ್ದಾರೋ ಅಂತ."

ಮೂವತ್ತೊಂದು ಮನೆಯವರಿಗೆ ಗಂಡ ಎಲ್ಲಿದ್ದಾನೆಂದು ಗೊತ್ತು, ಹೆಂಡತಿಗೆ ಮಾತ್ರ ಗೊತ್ತಿಲ್ಲ! ನಾನು ನಗಬಾರದಿತ್ತು, ನಕ್ಕೆ. "ಬ್ಯಾಟರಿ ಹಳೆಯದಿರಬೇಕು ಕರುಣಾಕರಣ್ಣ, ಅಂಗಡಿಯಲ್ಲಿ ತೋರಿಸಿ" ಎಂದೆ. ನನ್ನ ವಿನೀತನ ಆ್ಯಪಿನಲ್ಲಿ ದೋಷವೇ!

ಅವರು ಹೇಳಿದಂತೆ ಕೇಳಿದರು. ಕಾಪು ಪೇಟೆಯಲ್ಲಿ ಲಕ್ಷಿತ್ ಎಂಬವನ ಮೊಬೈಲ್ ಅಂಗಡಿ ಉಂಟು. ಅವನು ಕೈಚಳಕದ ಹುಡುಗ, ಒಡೆದ ಗಾಜು ಹಾಕುವುದರಲ್ಲಿ ಎತ್ತಿದ ಕೈ. ಗಾಜಿನ ಒಳಗಿನದ್ದಕ್ಕೂ ಅವನು ಅಷ್ಟೇ ಧೈರ್ಯದಿಂದ ಕೈ ಹಾಕುತ್ತಾನೆ. ಫೋನು ನೋಡಿ, 'ಹೂವೆಲ್ಲಿ'ಯೇ ಬ್ಯಾಟರಿ ಕುಡಿಯುತ್ತಿದೆ ಎಂದು ಸರಿಯಾಗಿಯೇ ಹಿಡಿದ. ಆಮೇಲೆ ಇಲಿ ಬಂತೆಂದು ಮನೆಗೇ ಬೆಂಕಿ ಇಟ್ಟ. ಫೋನಿನ ಸೆಟ್ಟಿಂಗಿಗೆ ಹೋಗಿ ಆ ಆ್ಯಪನ್ನು 'ನಿರ್ಬಂಧಿತ' ಪಟ್ಟಿಗೆ ಸೇರಿಸಿದ. ಬ್ಯಾಟರಿ ಉಳಿಸುವ ಇನ್ನೊಂದು ಆ್ಯಪು ತುಂಬಿಸಿದ. ಕೊನೆಗೆ ಒಂದು ಉಪದೇಶವನ್ನೂ ಕೊಟ್ಟ, "ಅಣ್ಣ, ನೋಡಿ ಆದ ಮೇಲೆ ಪ್ರತಿಯೊಂದು ಆ್ಯಪನ್ನೂ ಹೀಗೆ ಮೇಲಕ್ಕೆ ತಳ್ಳಿ ಬಿಸಾಡಿ. ಒಳಗೆ ಉರಿಯಲು ಬಿಡಬೇಡಿ."

ಒಳಗೆ ಉರಿಯಲು ಬಿಡಬೇಡಿ! ಕರುಣಾಕರಣ್ಣನಿಗೆ ಅಪ್ಪನೇ ಎದ್ದು ಬಂದು ಹೇಳಿದಂತಾಯಿತು. ಮರುದಿನದಿಂದ ಅದೊಂದು ವ್ರತ. ಬೆಳಿಗ್ಗೆ ಏಳೂವರೆಗೆ ಬಂಟಕಲ್ಲಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ 'ಹೂವೆಲ್ಲಿ' ತೆರೆಯುವುದು. ದಿನಕ್ಕೊಮ್ಮೆ ತೆರೆದರೆ ಸಾಕೆಂದು ವಿನೀತ್ ಮೊದಲೇ ಹೇಳಿಕೊಟ್ಟಿದ್ದ. ಚುಕ್ಕಿ ಬಂಟಕಲ್ಲಿನಲ್ಲಿ ಮೂಡಿತೋ ಎಂದು ನೋಡುವುದು, ಸಮಾಧಾನದಿಂದ ಹೆಬ್ಬೆರಳಿನಲ್ಲಿ ಮೇಲಕ್ಕೆ ತಳ್ಳುವುದು, ದೀಪ ಆರಿಸಿದಂತೆ. ಫೋನಿನ ಜ್ವರ ಇಳಿಯಿತು. ಸಂಜೆಯವರೆಗೂ ಚಾರ್ಜ್ ಉಳಿಯಿತು. ಪ್ರಫುಲ್ಲಾಳಿಗೆ ಗಂಡ ಸಿಗತೊಡಗಿದರು. ಅವರು ಲಕ್ಷಿತನ ಅಂಗಡಿಗೆ ಒಂದು ಮೊಳ ಹೂವು ಕೊಟ್ಟು ಬಂದರಂತೆ.

ನಮ್ಮ ನಕ್ಷೆಯಲ್ಲಿ ಮಾತ್ರ ಹಸಿರು ಚುಕ್ಕಿ ಬಂಟಕಲ್ಲಿನಲ್ಲಿ ಚಹಾ ಕುಡಿಯುತ್ತಲೇ ಇತ್ತು.

ಲೈನಿನ ಕೊನೆಯ ಮನೆ ಓಸ್ವಾಲ್ಡರದು. ಮೊದಲ ಗೈರು ಬಿದ್ದ ದಿನ ನಡೆದದ್ದನ್ನು ಕರುಣಾಕರಣ್ಣ ನನಗೆ ಹೇಳಿದ್ದು ನಗುತ್ತಲೇ. ಓಸ್ವಾಲ್ಡ್ ತಮ್ಮ ಗೇಟಿನಲ್ಲಿ ನಿಂತು ಬಾಳೆಲೆಯ ಕಟ್ಟನ್ನು ಸ್ವತಃ ಅವರ ಕೈಗೆ ಕೊಟ್ಟರು, ಕೊಟ್ಟ ಕೈಯಿಂದಲೇ ಫೋನು ತೆಗೆದು ನೋಡಿದರು.

"ಕರುಣಾಕರ, ನೀವು ಇನ್ನೂ ಬಂಟಕಲ್ಲಿನಲ್ಲಿದ್ದೀರಿ."

"ಇಲ್ಲ, ನಿಮ್ಮ ಎದುರು ಇದ್ದೇನಲ್ಲ."

"ಅದು ನನಗೂ ಕಾಣುತ್ತದೆ. ಆದರೆ ಸಿಸ್ಟಮ್ಮಿನಲ್ಲಿ ಇಲ್ಲ ಅಲ್ವಾ? ಗೈರು ಬಿತ್ತು ನೋಡಿ. ನಾನು ಎಂತ ಮಾಡುವುದು, ಅದು ತಾನೇ ಹಾಕುತ್ತದೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರೆ ಇರಲಿಕ್ಕಿಲ್ಲ. ನಾನು ಆ ಕತೆ ಕೇಳಿ ಓಸ್ವಾಲ್ಡರನ್ನು ಮನಸಾರೆ ಬೈದೆ. ಎರಡು ದಿನ ಬಿಟ್ಟು ಎರಡನೆಯ ಗೈರು ಬಿತ್ತು. ಆಗ ಕರುಣಾಕರಣ್ಣ ನಗಲಿಲ್ಲ. "ಇನ್ನೊಂದಾದರೆ ಲೈನು ಹೋಗುತ್ತದಂತೆ ಟೀಚರೇ" ಎಂದಷ್ಟೇ ಹೇಳಿದರು. ಐವತ್ತೆರಡು ವರ್ಷಕ್ಕೆ ಬಸ್ಸಿನ ಬಾಗಿಲಲ್ಲಿ ಮತ್ತೆ ಯಾರು ನಿಲ್ಲಿಸುತ್ತಾರೆ?

ಮೂರನೆಯದನ್ನು ಹಾಕಿದವಳು ನಾನು.

ಇದನ್ನು ಬರೆಯಲು ಕೂತದ್ದೇ ಈ ಒಂದು ವಾಕ್ಯಕ್ಕಾಗಿ, ಆದ್ದರಿಂದ ಸುತ್ತಿ ಬಳಸಿ ಹೇಳುವುದಿಲ್ಲ. ಗುರುವಾರ, ಮದುವೆ ಸೀಸನ್, ಗಿಡದ ತುಂಬ ಮೊಗ್ಗು. ಚಾವಡಿಯಲ್ಲಿ ಕುಳಿತು ಕಟ್ಟುತ್ತಿದ್ದೆ. ಫೋನು ಮಡಿಲ ಪಕ್ಕದಲ್ಲಿತ್ತು. ಚುಕ್ಕಿ ಬಂಟಕಲ್ಲಿನಲ್ಲಿ. ಅಂದರೆ ಇನ್ನೂ ಕಾಲು ಗಂಟೆ ಉಂಟು, ಇನ್ನು ಐವತ್ತು ಮೊಗ್ಗಾದರೂ ಕಟ್ಟಬಹುದು ಎಂದುಕೊಂಡೆ. ಹಿಂದೆಲ್ಲ ಎಂಟು ಹತ್ತಕ್ಕೇ ಕಟ್ಟು ಕೊಕ್ಕೆಯಲ್ಲಿರುತ್ತಿತ್ತು. ಆಗ ಗೇಟಿನ ಹೊರಗೆ ಎರಡು ಸಲ ಹಾರ್ನ್ ಆಯಿತು.

ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ, ಕಿವಿ ಇನ್ನೂ ಗಟ್ಟಿ ಉಂಟು. ಇಪ್ಪತ್ತೆರಡು ವರ್ಷ ಕೇಳಿದ ಹಾರ್ನು. ಆದರೂ ತಲೆ ಎತ್ತದೆ ಫೋನು ನೋಡಿದೆ. ಚುಕ್ಕಿ ಬಂಟಕಲ್ಲಿನಲ್ಲಿದೆ, ಹಾಗಾದರೆ ಇದು ಮೀನಿನವನ ಹಾರ್ನ್ ಇರಬೇಕು ಎಂದುಕೊಂಡೆ. ನಮ್ಮದು ಮೀನು ತಿನ್ನುವ ಮನೆಯಲ್ಲ, ಮೀನಿನವನು ನಮ್ಮ ಗೇಟಿನಲ್ಲಿ ಏಕೆ ನಿಲ್ಲುತ್ತಾನೆ ಎಂಬಷ್ಟೂ ಬುದ್ಧಿ ಓಡಲಿಲ್ಲ. ಇದೇ ಚುಕ್ಕಿಯನ್ನು ನಂಬಿದ್ದಕ್ಕೆ ಓಸ್ವಾಲ್ಡರನ್ನು ಬೈದವಳು ನಾನೇ ಎಂಬುದೂ ನೆನಪಾಗಲಿಲ್ಲ. ಒಂದು ನಿಮಿಷದ ಮೇಲೆ ಸ್ಕೂಟರ್ ಹೊರಟ ಸದ್ದಾಯಿತು. ಒಂಬತ್ತೂವರೆಯವರೆಗೆ ಕಾದೆ. ಹೂವು ಮಡಿಲಲ್ಲಿ, ಚುಕ್ಕಿ ಬಂಟಕಲ್ಲಿನಲ್ಲಿ, ಸಿಟ್ಟು ನೆತ್ತಿಯಲ್ಲಿ. ಕೆಂಪು ಗುಂಡಿ ಒತ್ತಿದೆ.

ಬಾಡುವ ಹೂವನ್ನಾದರೂ ಕೊಡೋಣವೆಂದು ಎದುರುಮನೆಯ ಜೆರ್ಟ್ರೂಡ್ ಬಾಯಿಯ ಅಂಗಳಕ್ಕೆ ಹೋದೆ. ಅವರಿಗೆ ಆ್ಯಪಿನ ಗೊಡವೆ ಇಲ್ಲ. ಕನ್ನಡಕವೇ ಸಿಗದವರಿಗೆ ಚುಕ್ಕಿ ಎಲ್ಲಿಂದ ಸಿಗಬೇಕು?

"ನಿಮ್ಮ ಹೂವು ಎಂತ ಮಾಡಿದಿರಿ ಬಾಯಿ? ಇವತ್ತು ಅವರು ಬರಲೇ ಇಲ್ಲವಲ್ಲ" ಎಂದೆ.

"ಯಾರು ಬರಲಿಲ್ಲ? ಕರುಣಾಕರ ಎಂಟು ಇಪ್ಪತ್ತಕ್ಕೆ ತೆಗೆದುಕೊಂಡು ಹೋದರಲ್ಲ! ನಿಮ್ಮ ಗೇಟಿನಲ್ಲಿ ನಿಂತು ಹಾರ್ನ್ ಹಾಕಿದರು. ಟೀಚರಿಗೆ ಉಷಾರಿಲ್ಲವಾ ಅಂತ ನನ್ನ ಹತ್ತಿರ ಕೇಳಿದರು."

ಮನೆಗೆ ಓಡಿ ಬಂದು ಗುಂಡಿ ಹಿಂತೆಗೆಯಲು ಹುಡುಕಿದೆ. ಹಿಂತೆಗೆಯುವ ಗುಂಡಿಯೇ ಇಲ್ಲ. ದೂರು ಹಾಕಲು ಕೆಂಪು ಗುಂಡಿ ಮಾಡಿದ ನನ್ನ ಹಿತ್ತಲ ಗಿಡಕ್ಕೆ, ಮನುಷ್ಯರಿಗೆ ತಪ್ಪಾಗಬಹುದೆಂದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಕೂಟದ ವಾಟ್ಸಾಪ್ ಗುಂಪಿನಲ್ಲಿ ಓಸ್ವಾಲ್ಡರ ಸಂದೇಶ ಬಂತು. 'ಮೂರು ಗೈರು ಪೂರ್ಣ. ಭಾನುವಾರ ಸಭೆ. ಲೈನು ಬದಲಾವಣೆ.' ಕೆಳಗೆ ಹನ್ನೊಂದು ಹೆಬ್ಬೆರಳು.

ವಿನೀತನಿಗೆ ಫೋನ್ ಮಾಡಿದೆ. ಶಾಲೆಯ ದನಿ ಬಹಳ ದಿನದ ಮೇಲೆ ಹೊರಗೆ ಬಂತು. "ನಾಳೆ ಬೆಳಿಗ್ಗೆ ಏಳೂವರೆಗೆ ನೀನು ಬಂಟಕಲ್ಲಿನಲ್ಲಿ ಇರಬೇಕು. ನಕ್ಷೆಯಲ್ಲಿ ಅಲ್ಲ, ಕಾಲಿನ ಮೇಲೆ."

ಬಂದ. ಕರುಣಾಕರಣ್ಣನ ಸ್ಕೂಟರಿನ ಹಿಂದೆ, ಹೂವಿನ ಬುಟ್ಟಿಗೂ ಅವರ ಬೆನ್ನಿಗೂ ನಡುವೆ ಸಿಕ್ಕಿಕೊಂಡು ಮೂವತ್ತೊಂದು ಗೇಟು ಸುತ್ತಿದ. ಹತ್ತೂವರೆಗೆ ಇಬ್ಬರೂ ನಮ್ಮ ಚಾವಡಿಗೆ ಬಂದಾಗ ಹುಡುಗನ ತಲೆಯಲ್ಲಿ ಬಾಳೆನಾರು, ಮುಖದಲ್ಲಿ ಸೋತ ಕಳೆ.

"ಎಂತ ಕಂಡಿತು?" ಎಂದೆ.

"ಮೊದಲು ನನ್ನ ತಪ್ಪು ಹೇಳುತ್ತೇನೆ ಅತ್ತೆ. ಪರದೆ ಆರಿದ ಮೇಲೆ ಫೋನು ನಿದ್ದೆ ಮಾಡಬೇಕು. ಹಾಗೆ ಮಲಗಿದರೇ ಒಂದು ದಿನ ಚಾರ್ಜ್ ಬರುವುದು. ನನ್ನ ಆ್ಯಪ್ ಹಿಂದಿನಿಂದ ಸೆಕೆಂಡಿಗೊಮ್ಮೆ ಎಬ್ಬಿಸುತ್ತಿತ್ತು. ಜಾಗ ಎಲ್ಲಿ ಅಂತ ಉಪಗ್ರಹವನ್ನು ಕೇಳುವುದು, ಕೂಡಲೇ ಟವರಿಗೆ ಕಳುಹಿಸುವುದು. ಕಳುಹಿಸಿದ ಮೇಲೆ ಫೋನಿನ ರೇಡಿಯೋ ತಕ್ಷಣ ಮಲಗುವುದಿಲ್ಲ, ಇನ್ನೇನಾದರೂ ಉಂಟಾ ಅಂತ ಕೆಲವು ಸೆಕೆಂಡು ಎಚ್ಚರ ಇರುತ್ತದೆ. ಅದು ಮಲಗುವ ಮೊದಲೇ ನಾನು ಇನ್ನೊಂದು ಕಳುಹಿಸುತ್ತಿದ್ದೆ."

"ಅಂದರೆ ಒಂದೊಂದೇ ದೋಸೆಗಾಗಿ ಇಡೀ ದಿನ ಕಾವಲಿಯನ್ನು ಒಲೆಯ ಮೇಲೆ ಬಿಟ್ಟ ಹಾಗೆ."

"ಹಾಗೆಯೇ. ಲೈನು ಮುಗಿದ ಮೇಲೂ ನಿಲ್ಲಿಸಲಿಲ್ಲ. ಅವರು ಮನೆಯಲ್ಲಿ ಊಟಕ್ಕೆ ಕೂತಾಗಲೂ ಕಳುಹಿಸುತ್ತಿತ್ತು."

"ಮಾಡುವಾಗ ನೋಡಲಿಲ್ಲವಾ ನೀನು?"

ಅವನು ನೆಲ ನೋಡಿದ. "ನೋಡಿದ್ದೆ. ಆಫೀಸಿನಲ್ಲಿ. ಚಾರ್ಜರ್ ಹಾಕಿದ ಫೋನಿನಲ್ಲಿ, ಪರದೆ ಆನ್ ಇಟ್ಟು."

ಊಟದ ಎಲೆಯ ಮುಂದೆ ಕುಳಿತು ಉಪವಾಸ ಸುಲಭ ಎಂದು ವರದಿ ಬರೆದ ಹಾಗಾಯಿತು. ಕರುಣಾಕರಣ್ಣ ಜಗಲಿಯ ಕಟ್ಟೆಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದರು. "ಲಕ್ಷಿತ್ ಹೇಳಿದ್ದು ಸರಿ ಅಲ್ವಾ ಹಾಗಾದರೆ?" ಎಂದರು.

"ರೋಗ ಹಿಡಿದದ್ದು ಸರಿ ಅಣ್ಣ, ಮದ್ದು ಹೆಚ್ಚಾಯಿತು. ಫೋನಿನ ಒಳಗೆ ಎಲ್ಲ ಆ್ಯಪುಗಳ ಮೇಲೆ ಒಬ್ಬ ಯಜಮಾನ ಇರುತ್ತಾನೆ, ಆಪರೇಟಿಂಗ್ ಸಿಸ್ಟಮ್ ಅಂತ. ನನ್ನಂಥವರು ಬ್ಯಾಟರಿ ಕುಡಿಯುತ್ತಾರೆ ಅಂತ ಅದಕ್ಕೆ ಗೊತ್ತುಂಟು. ಹಾಗಾಗಿ ಕಾನೂನು ಮಾಡಿದೆ. ಪರದೆಯ ಹಿಂದೆ ಹೋದ ಆ್ಯಪಿಗೆ ಬೇಕಾದಾಗಲೆಲ್ಲ ಜಾಗ ಕೇಳುವ ಹಾಗಿಲ್ಲ, ಗಂಟೆಗೆ ಕೆಲವೇ ಸಲ. ಫೋನು ಅಲುಗದೆ ಬಿದ್ದಿದ್ದರೆ ಇಂಟರ್ನೆಟ್ಟೂ ಆಗಾಗ ಮಾತ್ರ, ಎಲ್ಲರಿಗೂ ಒಂದೇ ಹೊತ್ತಿಗೆ ಬಾಗಿಲು ತೆರೆದು ಮತ್ತೆ ಮುಚ್ಚುತ್ತದೆ. ಯಾರಿಗಾದರೂ ಬಿಡದೆ ಕೆಲಸ ಮಾಡಬೇಕಾದರೆ ಒಂದು ದಾರಿ ಉಂಟು. ನಾನು ಇಲ್ಲಿ ಕೆಲಸ ಮಾಡುತ್ತಿದ್ದೇನೆ ಅಂತ ಫೋನಿನ ಮೇಲ್ಗಡೆ ಒಂದು ಸೂಚನೆ ಹಾಕಿಕೊಂಡೇ ಮಾಡಬೇಕು. ಕದ್ದು ಮಾಡುವ ಹಾಗಿಲ್ಲ."

"ಮೊದಲು ಮೇಲ್ಗಡೆ ಒಂದು ಹೂವಿನ ಚಿತ್ರ ಬರುತ್ತಿತ್ತು" ಎಂದರು ಕರುಣಾಕರಣ್ಣ.

"ಅದೇ. ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಆ ದಾರಿಯೂ ಬಂದ್. ಪರದೆಯ ಮೇಲೆ ಇದ್ದಷ್ಟು ಹೊತ್ತು ಮಾತ್ರ ಕೆಲಸ. ಮತ್ತೆ ನೀವು ಅದನ್ನು ತಳ್ಳಿ ಬಿಸಾಡುತ್ತಿದ್ದಿರಿ. ಚಹಾ ಕುಡಿದ ಜಾಗವೇ ಕೊನೆಯ ಜಾಗ. ಅದು ಎಷ್ಟು ಹೊತ್ತಿಗೆ ಬಂದದ್ದು ಅಂತ ನಾನು ನಕ್ಷೆಯಲ್ಲಿ ಬರೆದಿರಲಿಲ್ಲ. ಏಳೂವರೆಯ ಚುಕ್ಕಿ ಎಂಟೂವರೆಗೂ ಹಸಿರೇ."

"ದೀಪ ಆರಿಸಿದ್ದು ತಪ್ಪಾಯಿತಾ?"

"ಆ್ಯಪು ದೀಪದ ಹಾಗಲ್ಲ ಅಣ್ಣ. ಹಿಂದೆ ಸರಿದ ಹೆಚ್ಚಿನ ಆ್ಯಪುಗಳನ್ನು ಯಜಮಾನನೇ ತಡೆದು ಕೂರಿಸಿರುತ್ತಾನೆ. ಬಿಸಾಡಿ ಮತ್ತೆ ಮೊದಲಿನಿಂದ ತೆರೆಯುವುದಕ್ಕೇ ಚಾರ್ಜ್ ಹೆಚ್ಚು ಬೇಕು." ಫೋನಿನಲ್ಲಿ ಬ್ಯಾಟರಿಯ ಲೆಕ್ಕ ತೆರೆದು ತೋರಿಸಿದ. ನಿನ್ನೆ ಪರದೆಯ ಹಿಂದಿನಿಂದ ಎಲ್ಲಕ್ಕಿಂತ ಹೆಚ್ಚು ಕುಡಿದದ್ದು ಲಕ್ಷಿತ್ ತುಂಬಿಸಿದ ಬ್ಯಾಟರಿ ಉಳಿಸುವ ಆ್ಯಪು! ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಅದನ್ನು ತೆಗೆದು ಹಾಕುವಾಗ ಕರುಣಾಕರಣ್ಣ ಮುಖ ಆಚೆ ತಿರುಗಿಸಿದರು, ಕೊಟ್ಟ ಒಂದು ಮೊಳ ಹೂವು ನೆನಪಾಗಿರಬೇಕು.

ವಿನೀತ್ ಅಂದೂ ಮರುದಿನವೂ ನಮ್ಮ ಚಾವಡಿಯಲ್ಲೇ ಕುಳಿತು ರಿಪೇರಿ ಮಾಡಿದ. ಈಗ ಆ್ಯಪಿನಲ್ಲಿ 'ಲೈನು ಶುರು', 'ಲೈನು ಮುಗಿಯಿತು' ಎಂಬ ಎರಡು ಗುಂಡಿ. ನಡುವಿನ ಹೊತ್ತು ಮಾತ್ರ ಮೇಲ್ಗಡೆ ಹೂವಿನ ಚಿತ್ರ ಇರುತ್ತದೆ. ಜಾಗ ಕೇಳುವುದು ಅರ್ಧ ನಿಮಿಷಕ್ಕೊಮ್ಮೆ, ಸ್ಕೂಟರ್ ನಿಂತಿದ್ದರೆ ಅದೂ ಇಲ್ಲ. ಕಳುಹಿಸುವುದು ಎರಡು ನಿಮಿಷದ್ದನ್ನು ಒಟ್ಟಿಗೆ. ನಿರ್ಬಂಧದ ಪಟ್ಟಿಯಿಂದ ಹೊರಗೆ ತೆಗೆದ. ಚುಕ್ಕಿಯ ಪಕ್ಕದಲ್ಲಿ ಗಂಟೆ ಬರೆಸಿದ, ಹಳೆಯದಾದರೆ ಬೂದು ಬಣ್ಣ. ಶನಿವಾರ ಲೈನು ಮುಗಿದಾಗ ಚಾರ್ಜ್ ಇನ್ನೂ ತೊಂಬತ್ತರ ಮೇಲಿತ್ತು. ಸೆಕೆಂಡಿಗೊಮ್ಮೆ ಏಕೆ ಮಾಡಿದ್ದೆ ಎಂದು ಕೇಳಿದ್ದಕ್ಕೆ, "ಚುಕ್ಕಿ ಚೆಂದ ಓಡುತ್ತದೆ ಅಂತ" ಎಂದ. ಮೂಗಿಗಿಂತ ಮೂಗುತಿ ಭಾರ.

ಭಾನುವಾರ ಇಗರ್ಜಿಯ ಪ್ರಾರ್ಥನೆ ಬಿಟ್ಟ ಮೇಲೆ ಸಭೆ ಸೇರಿತು. ವಿನೀತ್ ಎದ್ದು ನಿಂತು ಎಲ್ಲವನ್ನೂ ವಿವರಿಸಿದ. ತನ್ನ ತಪ್ಪು ಎಂದು ಎರಡು ಸಲ ಹೇಳಿದ. ಓಸ್ವಾಲ್ಡ್ ತಲೆಯಾಡಿಸಿದರು.

"ಮೊದಲ ಎರಡು ಗೈರು ಯಂತ್ರದ್ದು, ಒಪ್ಪಿದೆ. ಮೂರನೆಯದು ಯಂತ್ರ ಹಾಕಿದ್ದಲ್ಲವಲ್ಲ? ಬೆಳೆಗಾರರೇ ಕೈಯಾರೆ ಒತ್ತಿದ್ದು. ಸಾಕ್ಷಿ ಉಂಟು. ಹೆಸರು ನಾನು ಹೇಳುವುದಿಲ್ಲ, ಗುಟ್ಟಿನ ನಿಯಮ ಉಂಟು."

ಶಿರ್ವದ ಪಿಕಪ್ಪಿನವನು ಬಾಗಿಲಲ್ಲಿ ಕೀಲಿ ತಿರುಗಿಸುತ್ತಾ ನಿಂತಿದ್ದ. ಕರುಣಾಕರಣ್ಣ ಹಿಂದಿನ ಬೆಂಚಿನಲ್ಲಿ ಕುಳಿತು ಬಲ್ಬು ನೋಡುತ್ತಿದ್ದರು, ಹಗಲಲ್ಲಿ ಉರಿಯುತ್ತಿತ್ತು. ಗುಟ್ಟಿನ ನಿಯಮ ನನ್ನನ್ನು ಕಾಪಾಡುತ್ತದೆಂದು ಒಂದು ಕ್ಷಣ ನನಗೆ ಸಂತೋಷವಾಯಿತು. ಆ ಒಂದು ಕ್ಷಣವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎದ್ದು ನಿಂತೆ. "ಒತ್ತಿದವಳು ನಾನು. ಅವರು ಬಂದಿದ್ದರು. ಎಂಟು ಇಪ್ಪತ್ತಕ್ಕೆ ಎರಡು ಹಾರ್ನ್ ಹಾಕಿದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ಫೋನು ನೋಡಿ, ಅವರಲ್ಲ ಅಂದುಕೊಂಡೆ. ಸಾಕ್ಷಿ ಬೇಕಾದರೆ ಇದು ಸಾಕ್ಷಿ."

ಜೆರ್ಟ್ರೂಡ್ ಬಾಯಿ ಹಿಂದಿನಿಂದ, "ಸಿಸ್ಟಮ್ಮಿನಲ್ಲಿ ಕಿವಿಗೆ ಜಾಗ ಇಲ್ಲವಾ ಓಸ್ವಾಲ್ಡ್?" ಎಂದರು. ಒಬ್ಬರು ನಕ್ಕರು, ಮತ್ತೆ ಎಲ್ಲರೂ ನಕ್ಕರು. ಗೈರು ಮೂರೂ ರದ್ದಾದವು, ನಿಯಮವೂ ರದ್ದಾಯಿತು. ಹೆಬ್ಬೆರಳು ಎತ್ತಿದ್ದ ಹನ್ನೊಂದು ಮಂದಿಯೂ ತಾವು ಮೊದಲೇ ಹೇಳಿದ್ದೆವು ಎಂದರು. ಪಿಕಪ್ಪಿನವನು ಚಹಾಕ್ಕೆ ಕಾಯದೆ ಹೋದ. ಕರುಣಾಕರಣ್ಣ ಎದ್ದು ಬಂದು ಬಲ್ಬು ಆರಿಸಿ, ನನ್ನತ್ತ ನೋಡಿ, "ಹೋಗಲಿ ಟೀಚರೇ" ಎಂದರು. ಅಲ್ಲಿಗೆ ಎಲ್ಲ ಮುಗಿಯಿತೆಂದು ನಾನು ತಿಳಿದೆ.

ಸೋಮವಾರ ಬೆಳಿಗ್ಗೆ ಕಟ್ಟನ್ನು ಎಂಟು ಹತ್ತಕ್ಕೇ ಕೊಕ್ಕೆಗೆ ಹಾಕಿ ಚಾವಡಿಯಲ್ಲಿ ಕುಳಿತು ಹಾರ್ನಿಗೆ ಕಾದೆ. ಎದುರುಮನೆಯ ಗೇಟಿನಲ್ಲಿ ಎರಡು ಸಲ ಆಯಿತು. ನನ್ನ ಸರದಿ ಎಂದುಕೊಂಡೆ, ಸದ್ದಿಲ್ಲ. ಹೊರಗೆ ಬಂದು ನೋಡಿದರೆ ಕರುಣಾಕರಣ್ಣ ನನ್ನ ಕಟ್ಟನ್ನು ಬುಟ್ಟಿಗೆ ಇಡುತ್ತಿದ್ದರು. ಕಿಸೆಯಿಂದ ಇಣುಕುತ್ತಿದ್ದ ಫೋನಿನ ಪರದೆಯಲ್ಲಿ ಹೂವಿನ ಚಿತ್ರ ಇತ್ತು.

"ಹಾರ್ನ್ ಹಾಕಲಿಲ್ಲವಲ್ಲ ಕರುಣಾಕರಣ್ಣ?"

"ನಿಮಗೆ ಫೋನಿನಲ್ಲಿ ಕಾಣುತ್ತದಲ್ಲ ಟೀಚರೇ" ಎಂದರು. ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಉರಿಯಬೇಕಾಗಿಲ್ಲದ ದೀಪವೊಂದನ್ನು ಆರಿಸಿದ ಮನುಷ್ಯನ ದನಿ ಅದು.

ಚುಕ್ಕಿ ಈಗ ಸರಿಯಾಗಿ ಓಡುತ್ತದೆ, ಪಕ್ಕದಲ್ಲಿ ಗಂಟೆಯೂ ಇರುತ್ತದೆ. ನಾನು ಅದನ್ನು ನೋಡುವುದಿಲ್ಲ. ದಿನಾ ಎಂಟು ಹತ್ತಕ್ಕೆ ಹೂವು ಕೈಯಲ್ಲಿ ಹಿಡಿದು ಗೇಟಿನಲ್ಲಿ ನಿಂತಿರುತ್ತೇನೆ. ಜೆರ್ಟ್ರೂಡ್ ಬಾಯಿಯ ಗೇಟಿನಲ್ಲಿ ಎರಡು ಹಾರ್ನ್ ಆಗುತ್ತದೆ, ನನ್ನ ಗೇಟಿನಲ್ಲಿ ಆಗುವುದಿಲ್ಲ.